ತೆಳ್ಳಗಿದ್ದರೆ ಕೊಲೆಸ್ಟ್ರಾಲ್ ಬರಲ್ವಾ? ಕೆಲಸದ ಜಾಗದಲ್ಲಿ ಹೀಗೆ ತಿಳಿಸಿ

ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳಲ್ಲಿ ಆರೋಗ್ಯದ ಬಗ್ಗೆ ಮಾತಾಡಲು ನಿಂತರೆ ಒಂದು ಮಾತು ಬಂದೇ ಬರುತ್ತದೆ. "ಏನ್ರೀ ಸರ್, ನಾನು ಕಡ್ಡಿ ಇದ್ದಂಗ ಅದೀನಿ. ನನಗೆಲ್ಲಿ ಕೊಲೆಸ್ಟ್ರಾಲ್?" ಈ ಪ್ರಶ್ನೆಯನ್ನೇ ಹಿಡಿದುಕೊಂಡು ಶುರುಮಾಡಿ. ಇಪ್ಪತ್ತು ನಿಮಿಷ ಸಾಕು.

ಮೊದಲು ಬೋರ್ಡಿನ ಮೇಲೆ ಒಂದು ರಿಪೋರ್ಟ್ ಬರೆಯಿರಿ. ಅಲ್ಲಿರುವ ಯಾರದ್ದೂ ಬೇಡ, ನೀವೇ ಕಲ್ಪಿಸಿದ್ದು ಇರಲಿ: 34 ವರ್ಷದ ಟೈಲರ್, ತೂಕ 54 ಕಿಲೋ. ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಒಟ್ಟು ಕೊಲೆಸ್ಟ್ರಾಲ್ 268, ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ 42, ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು ಟ್ರೈಗ್ಲಿಸರೈಡ್ 130. ಈಗ ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ ಲೆಕ್ಕವನ್ನು ಅವರಿಂದಲೇ ಮಾಡಿಸಿ. 130ನ್ನು ಐದರಿಂದ ಭಾಗಿಸಿದರೆ 26. 268ರಲ್ಲಿ 42 ಕಳೆಯಿರಿ, 26 ಕಳೆಯಿರಿ. ಉಳಿಯುವುದು 200. ಟ್ರೈಗ್ಲಿಸರೈಡ್ 400 ದಾಟಿದಾಗ ಈ ಲೆಕ್ಕ ನಂಬುವ ಹಾಗಿಲ್ಲ, ಲ್ಯಾಬಿನಲ್ಲಿ ನೇರವಾಗಿ ಅಳೆಯಬೇಕು. ಲೆಕ್ಕದಲ್ಲಿ ತೂಕ ಎಲ್ಲೂ ಬರಲಿಲ್ಲ ಅಲ್ವಾ? ಅದನ್ನು ತೋರಿಸಿ, ಸ್ವಲ್ಪ ಹೊತ್ತು ಸುಮ್ಮನಿರಿ.

ಆಮೇಲೆ ಕಾರಣ ಹೇಳಿ. ಜನ ತಪ್ಪುವುದು ಇಲ್ಲೇ. ಹೊಟ್ಟೆಯ ಮೇಲಿನ ಕೊಬ್ಬು ಬೇರೆ, ರಕ್ತದ ಕೊಲೆಸ್ಟ್ರಾಲ್ ಬೇರೆ. ಮೈಯಲ್ಲಿನ ಕೊಲೆಸ್ಟ್ರಾಲ್ ಬಹುಪಾಲು ಊಟದಿಂದ ಬರುವುದಿಲ್ಲ, ಲಿವರ್ ಮತ್ತು ಬೇರೆ ಅಂಗಗಳೇ ಅದನ್ನು ತಯಾರಿಸುತ್ತವೆ. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಅನ್ನು ಒಳಗೆ ಎಳೆದುಕೊಳ್ಳಲು ಲಿವರಿನ ಮೇಲೆ ಪುಟ್ಟ ಬಾಗಿಲುಗಳಂಥವು ಇರುತ್ತವೆ. ಕೆಲವರಿಗೆ ಹುಟ್ಟಿನಿಂದಲೇ ಈ ಬಾಗಿಲು ಕಡಿಮೆ. ಎಲ್‌ಡಿಎಲ್ ರಕ್ತದಲ್ಲೇ ಉಳಿದು, ವರ್ಷಗಟ್ಟಲೆ ರಕ್ತನಾಳದ ಗೋಡೆಗೆ ಸೇರುತ್ತಾ ಹೋಗುತ್ತದೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಇಂಥ ವಂಶದ ತೊಂದರೆ ಇರುತ್ತದೆ. ನೋವಿಲ್ಲ, ಸುಸ್ತಿಲ್ಲ. ಹಾಗಾಗಿ ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ.

ಇಷ್ಟು ಹೇಳಿ, ತೂಕಕ್ಕೆ ಸಂಬಂಧವೇ ಇಲ್ಲ ಅನ್ನಬೇಡಿ, ಅದು ತಪ್ಪಾಗುತ್ತದೆ. ತೂಕ ಜಾಸ್ತಿಯಾದರೆ ಟ್ರೈಗ್ಲಿಸರೈಡ್ ಏರುವುದು, ಎಚ್‌ಡಿಎಲ್ ಇಳಿಯುವುದು ಸಾಮಾನ್ಯ. ತೆಳ್ಳಗಿರುವವರಿಗೆ ಆ ಲಾಭ ಸಿಗಬಹುದು. ಎಲ್‌ಡಿಎಲ್ ಮಾತ್ರ ಅದಕ್ಕೆ ಕಟ್ಟುಬಿದ್ದಿಲ್ಲ.

ಕೊನೆಗೆ ಆ ಟೈಲರ್ ಏನು ಮಾಡಬೇಕು ಅಂತ ಹೇಳಿ. ಎಲ್‌ಡಿಎಲ್ 190 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವಂಶದ ಕಾರಣ ಇರಬಹುದು ಅಂತ ಡಾಕ್ಟರು ಯೋಚಿಸುತ್ತಾರೆ. ಮೊದಲು ಪರೀಕ್ಷೆ ಮತ್ತೊಮ್ಮೆ ಮಾಡಿಸಬೇಕು, ಜೊತೆಗೆ ಥೈರಾಯ್ಡ್ ಕೂಡ ನೋಡಿಸಬೇಕು. ಥೈರಾಯ್ಡ್ ಕಡಿಮೆ ಇದ್ದರೂ ಎಲ್‌ಡಿಎಲ್ ಏರುತ್ತದೆ. ಅಪ್ಪನಿಗೆ 55ರ ಒಳಗೆ, ಅವ್ವನಿಗೆ 65ರ ಒಳಗೆ ಹೃದಯಾಘಾತ ಆಗಿತ್ತಾ ಅಂತ ಮನೆಯಲ್ಲಿ ಕೇಳಿಕೊಂಡು ಹೋಗಿ ಡಾಕ್ಟರಿಗೆ ತಿಳಿಸಬೇಕು. ಕಣ್ಣಿನ ರೆಪ್ಪೆಯಲ್ಲಿ ಹಳದಿ ಗಂಟು, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪ ಆಗಿದ್ದರೆ ಅದನ್ನೂ ತೋರಿಸಬೇಕು.

"ಮಿರ್ಚಿ ಬಿಟ್ಟರೆ ಸಾಕಲ್ರೀ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬಿಟ್ಟರೆ ಒಳ್ಳೆಯದೇ. ಆದರೆ ವಂಶದಿಂದ ಬಂದ 200 ಊಟದ ಬದಲಾವಣೆಯಿಂದ ಸ್ವಲ್ಪ ಮಾತ್ರ ಇಳಿಯುತ್ತದೆ. ಸ್ಟ್ಯಾಟಿನ್ ಮಾತ್ರೆ ಬೇಕಾಗುವುದು ಅದಕ್ಕೇ. ಅದು ಲಿವರಿನ ಬಾಗಿಲುಗಳನ್ನು ಹೆಚ್ಚಿಸುತ್ತದೆ. ಆ ಟೈಲರ್‌ಗೆ ಇದು ವಂಶದ್ದೇ ಅಂತ ಖಚಿತವಾದರೆ, ಅವನ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಪ್ರತಿಯೊಬ್ಬರಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅವರ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು, ಅವರೆಷ್ಟೇ ತೆಳ್ಳಗಿರಲಿ.