ಒಂದೇ ಮಾತು ಆರು ಸಲ: ಕಥೆ ಇಲ್ದೆ ಗಜಲ್ ಕಟ್ಟೋದು ಹೇಗೆ

ಗಜಲ್ ಬರೀಬೇಕು ಅಂತ ಕೂತೋರು ಸಾಮಾನ್ಯವಾಗಿ ಮೊದಲನೇ ಸಾಲಿಂದ ಶುರು ಮಾಡ್ತಾರೆ, ಹಾಗಾಗಿ ಅದು ಕಥೆ ಆಗ್ಬಿಡುತ್ತೆ. ಅವಳು ಬಂದ್ಲು, ನೋಡಿದ್ಲು, ಹೋದ್ಲು, ನಾನು ಅತ್ತೆ ಅಂತ ಒಂದರ ಬಾಲ ಇನ್ನೊಂದು ಹಿಡ್ಕೊಂಡು ಹೋಗುತ್ತೆ. ಗಜಲ್ ಕಟ್ಟೋದು ಕೊನೆಯಿಂದ. ಮೊದಲು ಹುಡುಕ್ಬೇಕಾದ್ದು ರದೀಫ್, ಅಂದ್ರೆ ಪ್ರತಿ ದ್ವಿಪದಿಯ ಕೊನೇಲಿ ಒಂದಕ್ಷರಾನೂ ಬದಲಾಗದೆ ಬರೋ ಮಾತು.

ಎಂಥ ಮಾತು ಆರಿಸ್ಬೇಕು? ನಮ್ಮ ಮಂಡ್ಯದ ಮನೇಲಿ ದಿನಾ ಕಿವಿಗೆ ಬೀಳೋ ಒಂದು ಮಾತು ತಗೋತೀನಿ: ಇಳಿಯಲಿಲ್ಲ. ಜ್ವರ ಇಳಿಯಲಿಲ್ಲ ಅಂತೀವಿ, ನಶೆ ಇಳಿಯಲಿಲ್ಲ ಅಂತೀವಿ, ಬಸ್ಸಿಂದ ಯಾರೂ ಇಳಿಯಲಿಲ್ಲ ಅಂತೀವಿ, ಗಂಟಲಲ್ಲಿ ಅನ್ನ ಇಳಿಯಲಿಲ್ಲ ಅಂತೀವಿ. ಮಾತು ಒಂದೇ, ಆದ್ರೆ ಒಂದೊಂದು ಕಡೆ ಒಂದೊಂದು ಅರ್ಥ. ರದೀಫ್ ಆಗೋಕೆ ಯೋಗ್ಯತೆ ಇರೋದು ಇಂಥ ಮಾತಿಗೆ. "ಚಂದ್ರ" ಅಂತಲೋ "ಕಣ್ಣೀರು" ಅಂತಲೋ ಇಟ್ಕೊಂಡ್ರೆ ಮೂರನೇ ಸಲಕ್ಕೆ ಸವೆದು ಹೋಗುತ್ತೆ, ಯಾಕಂದ್ರೆ ಅದು ಎಲ್ಲಿಟ್ರೂ ಹೆಚ್ಚುಕಮ್ಮಿ ಅದೇ.

ಎರಡನೇದು ಕಾಫಿಯಾ. ರದೀಫ್‌ನ ಹಿಂದೇನೇ ಬರೋ ಪ್ರಾಸದ ಪದ, ಇದು ಮಾತ್ರ ಬದಲಾಗ್ತಾ ಇರ್ಬೇಕು. ಒಂದು ಹಾಳೆ ಮೇಲೆ "ಇಳಿಯಲಿಲ್ಲ" ಅಂತ ಬರ್ಕೊಂಡು ಅದರ ಹಿಂದೆ ಏನೇನು ಕೂರುತ್ತೆ ನೋಡಿದೆ: ಹೊತ್ತು, ತುತ್ತು, ಗತ್ತು, ಎತ್ತು, ಮುತ್ತು, ಆಮೇಲೆ ನಶೆ ಅನ್ನೋ ಅರ್ಥದ "ಮತ್ತು". ಉರ್ದುನಲ್ಲಾದ್ರೆ ಪ್ರಾಸದ ಹಿಂದಿನ ಸ್ವರಾನೂ ಒಂದೇ ಇರ್ಬೇಕು, ದಿಲ್‌ಗೆ ಮಿಲ್ ಸರಿ, ಗುಲ್ ಸರಿ ಹೋಗಲ್ಲ. ಆ ಲೆಕ್ಕದಲ್ಲಿ "ತುತ್ತು", "ಮತ್ತು" ಎರಡೂ ಒಟ್ಟಿಗೆ ಬರೋ ಹಾಗಿಲ್ಲ. ಆದ್ರೆ ನಮ್ಮ ಆದಿಪ್ರಾಸದಲ್ಲಿ ಎರಡನೇ ಅಕ್ಷರದ ವ್ಯಂಜನ ಹೊಂದಿದ್ರೆ ಆಯ್ತು, ಹಿಂದಿನ ಸ್ವರ ಬೇರೆ ಇದ್ರೂ ಕನ್ನಡದ ಕಿವಿ ಒಪ್ಕೊಳ್ಳುತ್ತೆ, ಹಾಗಾಗಿ ನಾನು ಎರಡೂ ಇಟ್ಕೊಂಡೆ. ಶಾಂತರಸರು ರಾಯಚೂರು ಕಡೆ ಉರ್ದುನ ಹತ್ತಿರದಿಂದ ಕೇಳ್ಕೊಂಡೇ ಕನ್ನಡಕ್ಕೆ ಗಜಲ್ ತಂದೋರು, ನಮ್ಮ ಕಡೆ ಬರೆಯೋರಿಗೆ ಆ ಪರಿಸರ ಅಷ್ಟಾಗಿ ಇಲ್ಲ, ಅದಕ್ಕೇ ನಮಗೆ ಗೊತ್ತಿರೋ ಪ್ರಾಸದ ಅಳತೇಲೇ ಹೋಗೋದು ವಾಸಿ ಅಂತ ನನ್ನ ಅಭಿಪ್ರಾಯ.

ಇನ್ನು ಛಂದಸ್ಸು. ಹೊತ್ತು, ಇಳಿಯ, ಲಿಲ್ಲ, ಇವು ಮೂರೂ ಮೂರ್ಮೂರು ಮಾತ್ರೆ. ಅಂದ್ಮೇಲೆ ಇಡೀ ಸಾಲು ಮೂರು ಮಾತ್ರೆಯ ಎಂಟು ಗಣ ಆಗ್ಲಿ ಅಂತ ತೀರ್ಮಾನ ಮಾಡಿದೆ, ಒಟ್ಟು 24.

ಈಗ ಮತ್ಲಾ, ಅಂದ್ರೆ ಮೊದಲ ದ್ವಿಪದಿ. ಇದರ ಎರಡೂ ಸಾಲಲ್ಲಿ ಕಾಫಿಯಾ, ರದೀಫ್ ಬರ್ಬೇಕು, ಯಾಕಂದ್ರೆ ಆಟದ ನಿಯಮ ಏನು ಅಂತ ಕೇಳೋರಿಗೆ ಗೊತ್ತಾಗೋದೇ ಇಲ್ಲಿ.

ನಾಲೆ ಏರಿ ಮೇಲೆ ಕೂತೆ, ಯಾಕೊ ಹೊತ್ತು ಇಳಿಯಲಿಲ್ಲ
ತಟ್ಟೆಯಲ್ಲಿ ಮುದ್ದೆಯಿತ್ತು, ಒಂದು ತುತ್ತು ಇಳಿಯಲಿಲ್ಲ

ಮುದ್ದೆ ಅಗಿಯೋದಿಲ್ಲ, ನುಂಗೋದು, ತಾನಾಗೇ ಇಳಿಯುತ್ತೆ. ಅದೂ ಇಳಿಯಲಿಲ್ಲ ಅಂದ್ರೆ ಏನೋ ಆಗಿದೆ. ಏನಾಗಿದೆ ಅಂತ ಹೇಳ್ಬೇಡಿ. ಮುಂದಿನ ದ್ವಿಪದೀಲಿ ಕಾರಣ ಕೊಡೋಕೆ ಕೈ ತುರಿಸುತ್ತೆ, ಅಲ್ಲೇ ತಡೀಬೇಕು.

ಮುಂದಿನವುಗಳಲ್ಲಿ ಮೊದಲ ಸಾಲಿಗೆ ಪ್ರಾಸದ ಕಟ್ಟು ಇಲ್ಲ, ಎರಡನೇ ಸಾಲಿಗೆ ಮಾತ್ರ. ಒಂದೊಂದು ದ್ವಿಪದಿ ಅಂದ್ರೆ ಒಂದೊಂದು ಷೇರ್, ತನ್ನ ಕಾಲ ಮೇಲೆ ತಾನು ನಿಲ್ಬೇಕು.

ಆಲೆಮನೆಯ ಘಮದ ನಡುವೆ ನೀನು ಹಾದು ಹೋದೆ ಅಂದು
ಹತ್ತು ವರುಷ ಕಳೆದುಹೋಯ್ತು, ಅದರ ಮತ್ತು ಇಳಿಯಲಿಲ್ಲ

ನೀರು ಬಿಡುವ ಮಾತು ಕೇಳಿ ನೊಗವ ಹೂಡಿ ಕಾದು ನಿಂತೆ
ಕೆಸರು ಕಾಣದಂಥ ಗದ್ದೆ, ಯಾವ ಎತ್ತು ಇಳಿಯಲಿಲ್ಲ

ತೊಟ್ಟಿಮನೆಯ ಹೆಂಚು ಜಾರಿ ಗೋಡೆ ಎಲ್ಲ ಬಿರುಕು ಬಿಟ್ಟು
ಇಂದು ಕೂಡ ಬಗ್ಗಿ ಬನ್ನಿ, ಕದದ ಗತ್ತು ಇಳಿಯಲಿಲ್ಲ

ಒಂದು ಪ್ರೀತಿ, ಒಂದು ಬರ, ಒಂದು ಹಳೇ ಮನೆ. ಒಂದಕ್ಕೊಂದು ಸಂಬಂಧ ಇಲ್ಲ, ಹಿಂದೆ ಮುಂದೆ ಮಾಡಿದ್ರೂ ಏನೂ ಮುರಿಯಲ್ಲ. ಹಾಗಾದ್ರೆ ಅರ್ಥ ಬೆಳೆಯೋದು ಎಲ್ಲಿ? ಕೇಳೋರ ಮನಸ್ಸಲ್ಲಿ. ಉರ್ದು ಕವಿಗೋಷ್ಠಿ ಮುಶಾಯಿರಾದಲ್ಲಿ ಕವಿ ಮೊದಲ ಸಾಲನ್ನ ಎರಡೆರಡು ಸಲ ಹೇಳೋದು ಇದಕ್ಕೇ: ರದೀಫ್ ಏನು ಅಂತ ಎಲ್ಲರಿಗೂ ಗೊತ್ತು, ಆದ್ರೆ ಅದು ಈ ಸಲ ಯಾವ ದಾರೀಲಿ ಬರುತ್ತೆ ಅನ್ನೋದು ಗೊತ್ತಿಲ್ಲ, ಕಾಫಿಯಾ ಬಾಯಿಗೆ ಬರೋ ಹೊತ್ತಿಗೆ ಸಭೆಯೇ ಸೇರ್ಕೊಂಡು ರದೀಫ್ ಹೇಳಿಬಿಡುತ್ತೆ. ಆ ಮಾತು ಒಂದೊಂದು ಸಲ ಬಂದಾಗ್ಲೂ ಹಿಂದಿನ ಸಲದ್ದನ್ನ ಹೊತ್ಕೊಂಡೇ ಬರುತ್ತೆ. "ಯಾವ ಎತ್ತು ಇಳಿಯಲಿಲ್ಲ" ಅಂದಾಗ ಗಂಟಲಲ್ಲಿ ಇಳಿಯದ ಆ ತುತ್ತು ನೆನಪಾಗುತ್ತೆ, ಎರಡಕ್ಕೂ ಗಂಟು ಹಾಕೋದು ಓದುಗ, ನಾನಲ್ಲ. ಆಮೇಲೆ ತೊಟ್ಟಿಮನೆ ಹತ್ರ ಬಂದಾಗ ಅದೇ ಮಾತು ಮಗ್ಗುಲು ಬದಲಾಯಿಸುತ್ತೆ. ಅಲ್ಲೀವರೆಗೂ ಇಳಿಯದೇ ಇರೋದು ನೋವಾಗಿತ್ತು, ಇಲ್ಲಿ ಹೆಮ್ಮೆ. ಅದಕ್ಕೇ ಈ ಷೇರ್‌ನ ಬರದ ಷೇರ್ ಆದ್ಮೇಲೆ ಇಟ್ಟೆ. ಮೊದಲೇ ಇಟ್ಟಿದ್ರೂ ಅರ್ಥ ಆಗ್ತಿತ್ತು, ಆದ್ರೆ ಆ ತಿರುವು ಸಿಗ್ತಿರಲಿಲ್ಲ. ಜಾಗ ಬದಲಾಯಿಸಬಹುದು ಅಂದ್ರೆ ಜಾಗಕ್ಕೆ ಬೆಲೆ ಇಲ್ಲ ಅಂತಲ್ಲ.

ಇಲ್ಲಿ ತಪ್ಪೋದು ಎರಡು ಕಡೆ, ಎರಡೂ ನಾನೇ ಮಾಡಿದ್ದು. ಎತ್ತಿನ ಷೇರ್ ಮೊದಲು "ಅಲ್ಲೆ ನಿಂತು ನೋಡಿದಾಗ" ಅಂತ ಶುರುವಾಗಿತ್ತು. ಎಲ್ಲಿ ನಿಂತು? ಹಿಂದಿನ ಷೇರ್‌ನ ಆಲೆಮನೆ ಹತ್ರ! ಗೊತ್ತಿಲ್ದೇನೇ ಕಥೆ ನುಗ್ಗಿತ್ತು. ಪತ್ತೆ ಮಾಡೋಕೆ ಒಂದೊಂದು ಷೇರ್‌ನ ಬೇರೆ ಬೇರೆ ಚೀಟೀಲಿ ಬರೆದು ನಮ್ಮಕ್ಕನ ಕೈಗೆ ಒಂದೇ ಒಂದು ಚೀಟಿ ಕೊಟ್ಟೆ. "ಅಲ್ಲೆ ಅಂದ್ರೆ ಎಲ್ಲೋ?" ಅಂದ್ಲು. ಓದಿದೋರು ಎಲ್ಲಿ, ಯಾರು, ಯಾವುದು ಅಂತ ಕೇಳಿದ್ರೆ ಆ ಷೇರ್ ಪಕ್ಕದವನ ಹೆಗಲ ಮೇಲೆ ಕೈ ಹಾಕ್ಕೊಂಡಿದೆ ಅಂತ ಲೆಕ್ಕ. ಕೇಳೋರು ಯಾರು, ಹೇಳೋರು ಯಾರು ಅಂತ ಒಳಗೇ ಗೊತ್ತಾಗೋ "ನಾನು" "ನೀನು" ಇದ್ರೆ ತೊಂದ್ರೆ ಇಲ್ಲ.

ಎರಡನೇದು "ಮುತ್ತು". "ಅವಳ ಕೊರಳಿನಿಂದ ಮುತ್ತು ಇಳಿಯಲಿಲ್ಲ" ಅಂತ ಒಂದು ಸಾಲು ಬರೆದಿದ್ದೆ, ಮಾತ್ರೆ ಸರಿ ಮಾಡೋದಕ್ಕೂ ಮುಂಚೆ. ಜೋರಾಗಿ ಓದಿದೆ. ಮುತ್ತು ಇಳಿಯೋದು ಅಂತ ಯಾರೂ ಮಾತಾಡಲ್ಲ, ಮುತ್ತಿನ ಸರ ತೆಗೀತಾರೆ, ಬಿಚ್ಚಿಡ್ತಾರೆ. ಪ್ರಾಸ ಸಿಕ್ತು ಅಂತ ರದೀಫ್‌ನ ಬಲವಂತವಾಗಿ ಅಂಟಿಸಿದ್ದೆ. ರದೀಫ್ ಜಾಗದಲ್ಲಿ ಇನ್ನೊಂದು ಕ್ರಿಯಾಪದ ಇಟ್ಟು ನೋಡಿ, ಅದೇ ಚೆನ್ನಾಗಿ ಕೂತ್ರೆ ಆ ಷೇರ್ ಬಿಟ್ಬಿಡಿ. ಒಂದು ಷೇರ್ ತೆಗೆದ್ರೂ ಉಳಿದವು ಹಾಗೇ ನಿಂತಿರ್ತವೆ, ಕಥನಕವನದಲ್ಲಿ ಈ ಅನುಕೂಲ ಇಲ್ಲ. ಐದಕ್ಕಿಂತ ಕಮ್ಮಿ ಆಗದ ಹಾಗೆ ನೋಡ್ಕೊಳ್ಳೋದು ವಾಡಿಕೆ.

ಇಡೀ ಗಜಲ್ ಒಂದೇ ಭಾವದ ಮೇಲೆ ಹರಿಯೋದೂ ಉಂಟು, ಅದನ್ನ ಮುಸಲ್ಸಲ್ ಗಜಲ್ ಅಂತಾರೆ. ಅಲ್ಲೂ ಒಂದೊಂದು ಷೇರ್ ಬಿಡಿಯಾಗಿ ಓದಿಸ್ಕೊಳ್ಳುತ್ತೆ.

ಕೊನೇದು ಮಕ್ತಾ. ಇಲ್ಲಿ ಕವಿಯ ಕಾವ್ಯನಾಮ ಬರುತ್ತೆ, ವಚನದಲ್ಲಿ ಅಂಕಿತ ಬರೋ ಹಾಗೆ, ಆದ್ರೆ ವಚನದಲ್ಲಿ ಅದು ಸಾಮಾನ್ಯವಾಗಿ ದೇವರ ಹೆಸರು, ಇಲ್ಲಿ ಬರೆದೋನದ್ದೇ. ನಾನು ಇಟ್ಕೊಂಡಿರೋದು ಹೊಂಗೆ. ಹೆಸರು ಸುಮ್ನೆ ಸಹಿ ಆಗದೆ ಅದರ ಅರ್ಥಾನೂ ಷೇರ್‌ನಲ್ಲಿ ಕೆಲಸ ಮಾಡಿದ್ರೆ ಚೆಂದ.

ಹೊಂಗೆ, ನಿನ್ನ ನೆರಳಿನಲ್ಲಿ ಊರೆ ಬಂದು ಮಲಗಿ ಹೋಯ್ತು
ನಿನ್ನ ನೆತ್ತಿ ಮೇಲ ಬಿಸಿಲು ಒಂದು ಹೊತ್ತು ಇಳಿಯಲಿಲ್ಲ

ಕಾಫಿಯಾ ಮತ್ತೆ ಹೊತ್ತು. ಮತ್ಲಾದಲ್ಲಿ ಇಳಿಯದೇ ಹೋಗಿದ್ದು ಹೊತ್ತು, ಇಲ್ಲಿ ಬಿಸಿಲು. ನಾಲೆ ಏರಿ ಮೇಲೆ ಕೂತೋನು ಯಾರು ಅಂತ ಇಲ್ಲೂ ಹೇಳಿಲ್ಲ, ಆದ್ರೆ ಇದಾದ್ಮೇಲೆ ಒಂದ್ಸಲ ಮತ್ಲಾ ಓದಿ ನೋಡಿ.