ಎರಡು ರಾತ್ರಿಯ ರೈಲಿಗೆ ಕೆಡದ ಬುತ್ತಿ: ಒಂದು ಗೊಜ್ಜು, ಎರಡು ಊಟ

ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಸಂಜೆ ಹೊರಟರೆ ತಲುಪುವುದು ಮೂರನೇ ದಿನ ಬೆಳಿಗ್ಗೆ. ಎರಡು ರಾತ್ರಿ, ಒಂದು ಪೂರ್ತಿ ಹಗಲು. ಆ ಹಗಲಿನಲ್ಲೇ ರೈಲು ಮನ್ಮಾಡ್, ಭುಸಾವಳ ಕಡೆ ಇರುತ್ತದೆ. ಮೇ ತಿಂಗಳಲ್ಲಿ ಅಲ್ಲಿ ಮಧ್ಯಾಹ್ನದ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ಸ್ಲೀಪರ್ ಬೋಗಿಯಲ್ಲಿ ಸೀಟಿನ ಕೆಳಗಿಟ್ಟ ಚೀಲವೂ ಬೆಚ್ಚಗಾಗುತ್ತದೆ.

ತಂಗಿಯ ಮನೆಗೆ ಈ ದಾರಿಯಲ್ಲಿ ಹಲವು ಸಲ ಹೋಗಿದ್ದೇನೆ. ಮೊದಲ ಸಲ ಚಿತ್ರಾನ್ನ ಕಟ್ಟಿದ್ದೆ. ಹಸಿ ತೆಂಗಿನಕಾಯಿ, ಈರುಳ್ಳಿ ಎಲ್ಲ ಹಾಕಿ, ಬಿಸಿಬಿಸಿ ಇದ್ದಾಗಲೇ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಿದ್ದೆ. ಬೆಳಿಗ್ಗೆ ಸೊಲ್ಲಾಪುರ ದಾಟಿದ ಮೇಲೆ ತೆಗೆದರೆ ಮುಚ್ಚಳದ ಒಳಗೆಲ್ಲ ನೀರಿನ ಹನಿ. ಚಮಚ ಎತ್ತಿದರೆ ಅನ್ನ ನೂಲಿನಂತೆ ಎಳೆ ಬಿಡುತ್ತಿತ್ತು. ಆ ಡಬ್ಬಿಯೆಲ್ಲ ಚೆಲ್ಲಬೇಕಾಯಿತು. ಆಮೇಲೆ ಒಂದೇ ಒಂದು ನಿಯಮ ಇಟ್ಟುಕೊಂಡೆ: ನೀರನ್ನು ಊಟದಿಂದ ದೂರ ಇಡಬೇಕು, ತಿನ್ನುವ ಹೊತ್ತಿಗೆ ಮಾತ್ರ ಸೇರಿಸಬೇಕು.

ಅನ್ನ ಯಾಕೆ ಇಷ್ಟು ಬೇಗ ಕೆಡುತ್ತದೆ? ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಇರುತ್ತವೆ. ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ, ಒದ್ದೆಯಾಗಿ ಗಂಟೆಗಟ್ಟಲೆ ಕೂತರೆ ಎಚ್ಚರಗೊಂಡು ಬೆಳೆಯುತ್ತವೆ, ವಿಷ ಬಿಡುತ್ತವೆ. ವಾಂತಿ ಮಾಡಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಇನ್ನೂ ಕಷ್ಟದ ವಿಷಯ ಏನೆಂದರೆ, ವಾಸನೆ ಬರದೆಯೂ ಅನ್ನ ಕೆಟ್ಟಿರಬಹುದು. ಹಾಗಾಗಿ ಮೂಗನ್ನು ನಂಬಬೇಡಿ, ಗಡಿಯಾರ ನೋಡಿ. ನಾನು ಪ್ರತಿ ಡಬ್ಬಿಯ ಮೇಲೂ ಒಂದು ಚೂರು ಟೇಪ್ ಅಂಟಿಸಿ, ಮಾಡಿದ ಹೊತ್ತು ಬರೆಯುತ್ತೇನೆ.

ಮೊದಲು ಗೊಜ್ಜು, ಹಿಂದಿನ ದಿನವೇ

ನಾಲ್ಕು ಜನರ ಎರಡು ಊಟಕ್ಕೆ 100 ಗ್ರಾಂ ಹುಣಸೆಹಣ್ಣು ಸಾಕು. ಬಿಸಿನೀರಲ್ಲಿ ನೆನೆಸಿ ಗಟ್ಟಿಯಾಗಿ ರಸ ಹಿಂಡಿ. ಅರ್ಧ ಬಟ್ಟಲು ಎಳ್ಳೆಣ್ಣೆಯಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಇಂಗು, ಕರಿಬೇವು ಹಾಕಿ ಒಗ್ಗರಣೆ ಮಾಡಿ, ರಸ ಸುರಿಯಿರಿ. ಉಪ್ಪು, ಅರಿಸಿನ, ಒಂದು ನಿಂಬೆಗಾತ್ರದ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಕುದಿಯಲು ಬಿಡಿ. ಅರ್ಧ ಗಂಟೆಯಾದರೂ ಬೇಕು. ಕೊನೆಯಲ್ಲಿ ಐದಾರು ಚಮಚ ಪುಳಿಯೋಗರೆ ಪುಡಿ ಹಾಕಿ ಇನ್ನಷ್ಟು ಹೊತ್ತು ಕುದಿಸಿ. ಉಪ್ಪು ಸ್ವಲ್ಪ ಮುಂದಾಗಿಯೇ ಇರಲಿ.

ಇಳಿಸುವುದು ಯಾವಾಗ ಅಂದರೆ, ಸೌಟಿನಿಂದ ಬಾಣಲೆಯ ತಳದಲ್ಲಿ ಗೆರೆ ಎಳೆಯಿರಿ. ಗೆರೆ ತಕ್ಷಣ ಮುಚ್ಚಿಕೊಂಡರೆ ಇನ್ನೂ ನೀರಿದೆ. ಗೆರೆ ಹಾಗೇ ನಿಂತು, ಅಂಚಿನಲ್ಲಿ ಎಣ್ಣೆ ಕಂಡರೆ ಆಯಿತು. ಇನ್ನೊಂದು ಪರೀಕ್ಷೆ: ತಟ್ಟೆಯ ಮೇಲೆ ಒಂದು ಚಮಚ ಹಾಕಿ ಐದು ನಿಮಿಷ ಬಿಡಿ. ಸುತ್ತ ನೀರು ಬಿಟ್ಟರೆ ಮತ್ತೆ ಒಲೆಗೆ.

ಇದಕ್ಕೆ ಕೊಬ್ಬರಿ ಬೇಡ, ತೆಂಗಿನಕಾಯಿಯಂತೂ ಬೇಡವೇ ಬೇಡ. ಹುಳಿ, ಉಪ್ಪು, ಬೆಲ್ಲ, ಎಣ್ಣೆ ಇದ್ದು ನೀರು ಇಂಗಿಹೋದ ಗೊಜ್ಜು ಪ್ರಯಾಣಕ್ಕೆ ಆರಾಮಾಗಿ ತಡೆಯುತ್ತದೆ. ಪೂರ್ತಿ ಆರಿದ ಮೇಲೆ ತೇವವಿಲ್ಲದ ಎರಡು ಚಿಕ್ಕ ಬಾಟಲಿಗೆ ತುಂಬಿ. ಒಂದನ್ನು ಮನೆಯಲ್ಲೇ ಅನ್ನಕ್ಕೆ ಕಲಸಲು, ಇನ್ನೊಂದು ಬ್ಯಾಗಿಗೆ.

ಮೊದಲ ರಾತ್ರಿ: ಪುಳಿಯೋಗರೆ

ಅನ್ನ ಮಾಡುವುದು ಹೊರಡುವ ದಿನ ಮಧ್ಯಾಹ್ನ ನಾಲ್ಕರ ನಂತರ. ಎರಡು ಪಾವು ಅಕ್ಕಿಗೆ ನೀರು ಒಂದು ಕೈ ಕಡಿಮೆ ಇರಲಿ, ಅಗುಳು ಬಿಡಿಬಿಡಿಯಾಗಬೇಕು. ಕುಕ್ಕರ್ ಮುಚ್ಚಳ ತೆಗೆದ ಕೂಡಲೇ ಅಗಲವಾದ ತಟ್ಟೆಗೆ ಸುರಿದು, ಒಂದು ಬೆರಳಿನ ದಪ್ಪಕ್ಕಿಂತ ಹೆಚ್ಚಾಗದಂತೆ ಹರವಿ. ಮೇಲೆ ಎರಡು ಚಮಚ ಎಳ್ಳೆಣ್ಣೆ. ಫ್ಯಾನ್ ಕೆಳಗೆ ಅರ್ಧ ಗಂಟೆಯಲ್ಲಿ ಆರುತ್ತದೆ. ಅಂಗೈ ಊರಿದರೆ ಬೆಚ್ಚಗಿರಬಾರದು. ಅಮ್ಮ ಈಗಲೂ ಫೋನಿನಲ್ಲಿ ಕೇಳುವುದು ಇದೊಂದನ್ನೇ: "ಅನ್ನ ಹರವಿದ್ಯಾ, ಇಲ್ಲ ಗುಡ್ಡೆ ಹಾಕಿದ್ಯಾ?" ಗುಡ್ಡೆ ಹಾಕಿದರೆ ನಡುವೆ ಗಂಟೆಗಟ್ಟಲೆ ಬಿಸಿ ನಿಲ್ಲುತ್ತದೆ.

ಆರಿದ ಮೇಲೆ ಗೊಜ್ಜು ಹಾಕಿ, ಒಂದು ಬಿಳಿ ಅಗುಳೂ ಉಳಿಯದಂತೆ ಕಲಸಿ. ಹುಳಿ ಮುಟ್ಟದ ಅಗುಳಿಗೆ ಹುಳಿಯ ಕಾವಲಿಲ್ಲ. ಹುರಿದ ಕಡಲೆಕಾಯಿ ಬೀಜ ಬೇರೆ ಪೊಟ್ಟಣದಲ್ಲಿರಲಿ, ಸುಮ್ನೆ ಮೆತ್ತಗಾಗುವುದು ಬೇಡ.

ಪುಳಿಯೋಗರೆ ಮರುದಿನವೂ ಚೆನ್ನಾಗಿರುತ್ತದೆ ಎಂದು ಬಹಳ ಜನ ತಿನ್ನುತ್ತಾರೆ. ಬೇಸಿಗೆಯಲ್ಲಿ ನಾನು ಅದನ್ನು ಒಪ್ಪುವುದಿಲ್ಲ, ಅದರಲ್ಲೂ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ. ರಾತ್ರಿ ಒಂಬತ್ತರೊಳಗೆ ಮುಗಿಯುವಷ್ಟೇ ಕಲಸಿ. ಮೊಸರನ್ನವೂ ಅಷ್ಟೇ, ಒಯ್ದರೆ ಅದೇ ರಾತ್ರಿಗೆ.

ಮರುದಿನ ಬೆಳಿಗ್ಗೆ: ಚಪಾತಿ

ಮೆತ್ತಗಿರಲಿ ಎಂದು ಹಾಲಿನಲ್ಲಿ ಕಲಸುವುದುಂಟು. ಪ್ರಯಾಣಕ್ಕೆ ಬೇಡ. ನೀರು, ಎಣ್ಣೆ ಸಾಕು. ತೆಳ್ಳಗೆ ಲಟ್ಟಿಸಿ, ಎರಡೂ ಕಡೆ ಕಂದು ಚುಕ್ಕೆ ಬರುವವರೆಗೆ ಬೇಯಿಸಿ. ಒಂದರ ಮೇಲೊಂದು ಪೇರಿಸಬೇಡಿ, ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಆರಿಸಿ. ಒಣ ಹತ್ತಿಬಟ್ಟೆಯಲ್ಲಿ ಸುತ್ತಿ ಡಬ್ಬಿಗಿಡಿ. ದಿನಪತ್ರಿಕೆಯಲ್ಲಿ ಸುತ್ತಬೇಡಿ, ಶಾಯಿ ಎಣ್ಣೆಗೆ ಅಂಟುತ್ತದೆ. ಜೊತೆಗೆ ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ. ಆಲೂಗಡ್ಡೆ ಪಲ್ಯ ಬೇಡ, ಅದು ಅನ್ನದಷ್ಟೇ ಬೇಗ ಕೆಡುತ್ತದೆ.

ಮಧ್ಯಾಹ್ನ: ಅದೇ ಗೊಜ್ಜು, ಅವಲಕ್ಕಿ

ನನಗೆ ಈ ಬುತ್ತಿಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಊಟ ಇದು. ತೆಳು ಅವಲಕ್ಕಿಯನ್ನು ಮನೆಯಲ್ಲೇ ಜರಡಿ ಹಿಡಿದು, ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಆರಿಸಿ, ಗಾಳಿಯಾಡದ ಡಬ್ಬಿಗೆ ತುಂಬಿರಿ. ಹಸಿವಾದಾಗ ಅಗಲ ಡಬ್ಬಿಗೆ ಎರಡು ಬಟ್ಟಲು ಅವಲಕ್ಕಿ ಹಾಕಿ, ಸೀಲ್ ಒಡೆದ ಬಾಟಲಿಯಿಂದ ಸುಮಾರು ಕಾಲು ಬಟ್ಟಲು ನೀರು ಚಿಮುಕಿಸಿ. ಐದು ನಿಮಿಷ ಮುಚ್ಚಿಡಿ. ಮೆತ್ತಗಾದ ಮೇಲೆ ಎರಡು ಚಮಚ ಗೊಜ್ಜು ಹಾಕಿ ಕಲಸಿ, ಮೇಲೆ ಕಡಲೆಕಾಯಿ ಬೀಜ. ಕಲಸಿದ ಹತ್ತು ನಿಮಿಷದಲ್ಲಿ ಹೊಟ್ಟೆಗೆ ಹೋಗುವ ಊಟ ಕೆಡುವುದಕ್ಕೆ ಹೊತ್ತೇ ಇಲ್ಲ, ಅಲ್ವಾ? ಗೊಜ್ಜಿನ ಬಾಟಲಿಗೆ ಮಾತ್ರ ಒದ್ದೆ ಚಮಚ ಹಾಕಬೇಡಿ. ಕೈ ಸೋಪು ಹಾಕಿ ತೊಳೆದು, ಒರೆಸಿಕೊಂಡು ಕಲಸಿ.

ಎರಡನೇ ರಾತ್ರಿ: ಖಡಕ್ ರೊಟ್ಟಿ

ಉತ್ತರ ಕರ್ನಾಟಕದವರಿಗೆ ಇದನ್ನು ಹೇಳಿಕೊಡುವ ಅಗತ್ಯವಿಲ್ಲ. ಜೋಳದ ರೊಟ್ಟಿಯನ್ನು ಪಟ್ ಎಂದು ಮುರಿಯುವಷ್ಟು ಒಣಗಿಸಿದರೆ ಅದರಲ್ಲಿ ಕೆಡಲು ನೀರೇ ಇರುವುದಿಲ್ಲ, ವಾರಗಟ್ಟಲೆ ಇರುತ್ತದೆ. ಬಾಗಿದರೆ ಇನ್ನೂ ತೇವ ಇದೆ ಎಂದೇ ಅರ್ಥ. ಗುರೆಳ್ಳು ಚಟ್ನಿಪುಡಿ, ಶೇಂಗಾ ಎಣ್ಣೆ ಜೊತೆಗಿರಲಿ. ದಾರಿಯಲ್ಲಿ ಸೀಲ್ ಮಾಡಿದ, ತಣ್ಣಗಿರುವ ಮೊಸರಿನ ಕಪ್ ಸಿಕ್ಕರೆ ಕೊಂಡು ಕೂಡಲೇ ತಿನ್ನಿ. ಸೌತೆಕಾಯಿ ಇಡಿಯಾಗಿ ಒಯ್ದು, ತಿನ್ನುವಾಗ ಹೆಚ್ಚಿ. ಹಣ್ಣಿಗೆ ಬಾಳೆ, ಕಿತ್ತಳೆ ಸರಿ.

ಇಷ್ಟರ ಮೇಲೆ ಒಂದು ಪುಟ್ಟ ಡಬ್ಬಿಯಲ್ಲಿ ರಾಗಿ ಹುರಿಹಿಟ್ಟು, ಪುಡಿಬೆಲ್ಲ ಇಟ್ಟಿರುತ್ತೇನೆ. ರೈಲು ಆಗ್ರಾ ದಾಟಿ ಸಿಗ್ನಲ್‌ಗೆ ಕಾಯುತ್ತಾ ನಿಂತರೆ, ಲೋಟದಲ್ಲಿ ಎರಡು ಚಮಚ ಹಿಟ್ಟು, ಒಂದು ಚಮಚ ಬೆಲ್ಲ, ನೀರು ಹಾಕಿ ಕದಡಿ ಕುಡಿಯುವುದಕ್ಕೆ.