ಒಂದೇ ಚೆಕ್, ಎರಡು ಖಾತೆ: ಅಂಗಡಿಯ ಮುಂಗಡ ಬಾಡಿಗೆ ಮತ್ತು ಡಿಪಾಸಿಟ್ ಲೆಕ್ಕ ಬರೆಯುವುದು ಹೇಗೆ?

ಅಂಗಡಿ ಬಾಡಿಗೆಗೆ ಹಿಡಿದ ದಿನ ಮಾಲೀಕರಿಗೆ ಕೊಡುವ ದುಡ್ಡು ಎಷ್ಟೋ ಸಲ ಒಂದೇ ಮೊತ್ತದಲ್ಲಿ ಹೋಗುತ್ತದೆ. ಬ್ಯಾಂಕ್ ಪಾಸ್‌ಬುಕ್‌ನಲ್ಲೂ ಅದು ಒಂದೇ ಸಾಲು. ಹಾಗಾಗಿ ಲೆಕ್ಕ ಬರೆಯುವವರು ಆ ಇಡೀ ಸಾಲನ್ನು ‘ಬಾಡಿಗೆ ಖರ್ಚು’ ಅಂತ ಬರೆದು ಪುಟ ತಿರುಗಿಸಿಬಿಡುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಆ ಮೊತ್ತದೊಳಗೆ ಎರಡು ಬೇರೆ ಬೇರೆ ದುಡ್ಡು ಸೇರಿಕೊಂಡಿರುತ್ತದೆ. ಒಂದು, ಮುಂದಿನ ತಿಂಗಳುಗಳ ಬಾಡಿಗೆ. ಅದು ತಿಂಗಳು ಕಳೆದಂತೆ ಖರ್ಚಾಗುತ್ತಾ ಹೋಗುತ್ತದೆ. ಇನ್ನೊಂದು, ಡಿಪಾಸಿಟ್. ಅದು ಅಂಗಡಿ ಖಾಲಿ ಮಾಡುವಾಗ ವಾಪಸ್ ಬರಬೇಕಾದದ್ದು. ಕೊಟ್ಟ ದಿನ ಇವೆರಡರಲ್ಲಿ ಯಾವುದೂ ಖರ್ಚಲ್ಲ.

ಒಂದು ಲೆಕ್ಕ ಇಟ್ಟುಕೊಂಡೇ ನೋಡೋಣ. ತಿಂಗಳ ಬಾಡಿಗೆ 10,000. ಕರಾರು ಎರಡು ವರ್ಷದ್ದು, ಅಕ್ಟೋಬರ್ 1ಕ್ಕೆ ಶುರು. ಆರು ತಿಂಗಳ ಬಾಡಿಗೆ ಮೊದಲೇ ಕೊಡಬೇಕು, ಅಂದರೆ 60,000. ಡಿಪಾಸಿಟ್ 50,000. ಒಟ್ಟು 1,10,000 ಒಂದೇ ಚೆಕ್‌ನಲ್ಲಿ ಹೋಗಿದೆ. ವರ್ಷದ ಲೆಕ್ಕ ಡಿಸೆಂಬರ್ 31ಕ್ಕೆ ಮುಗಿಯುತ್ತದೆ ಅಂತ ಇಟ್ಟುಕೊಳ್ಳಿ. ನಿಮ್ಮ ಲೆಕ್ಕದ ವರ್ಷ ಬೇರೆ ತಿಂಗಳಿಗೆ ಮುಗಿಯುವುದಾದರೂ ವಿಧಾನ ಬದಲಾಗುವುದಿಲ್ಲ.

ಮೊದಲು ಕಾಗದ ನೋಡಿ

ಪುಸ್ತಕ ತೆರೆಯುವ ಮೊದಲು ಕರಾರು ಪತ್ರ ಮತ್ತು ರಸೀದಿ ಕೈಗೆ ತೆಗೆದುಕೊಳ್ಳಿ. ರಸೀದಿಯಲ್ಲಿ ಬರೀ ‘ಅಡ್ವಾನ್ಸ್ 1,10,000 ಬಂದಿದೆ’ ಅಂತ ಇದ್ದರೆ ಸಾಲದು. ಯಾವ ತಿಂಗಳಿಂದ ಯಾವ ತಿಂಗಳವರೆಗಿನ ಬಾಡಿಗೆ ಎಷ್ಟು, ವಾಪಸ್ ಕೊಡಬೇಕಾದ ಡಿಪಾಸಿಟ್ ಎಷ್ಟು ಅಂತ ಎರಡು ಸಾಲಿನಲ್ಲಿ ಬರೆಸಿಕೊಳ್ಳಿ. ಎರಡು ವರ್ಷ ಆದಮೇಲೆ ನೆನಪಿನ ಮೇಲೆ ವಾದ ಮಾಡುವುದಕ್ಕಿಂತ ಇದು ಎಷ್ಟೋ ಸುಲಭ, ಅಲ್ವಾ?

ಕರಾರಿನಲ್ಲಿ ಎರಡು ಮಾತು ಹುಡುಕಿ. ಒಂದು, ‘ಈ ಮೊತ್ತವನ್ನು ಕೊನೆಯ ತಿಂಗಳುಗಳ ಬಾಡಿಗೆಗೆ ಮುರಿದುಕೊಳ್ಳಲಾಗುವುದು’ ಎಂಬ ಅರ್ಥದ ಸಾಲು. ಅದು ಇದ್ದರೆ, ಆ ಭಾಗಕ್ಕೆ ಹೆಸರು ಡಿಪಾಸಿಟ್ ಅಂತಿದ್ದರೂ ಅದು ನಿಜವಾಗಿ ಮುಂಗಡ ಬಾಡಿಗೆಯೇ. ಆ ಕೊನೆಯ ತಿಂಗಳು ಬರುವವರೆಗೆ ಅದನ್ನು ಮುಟ್ಟದೆ ಇಡಬೇಕು, ಅಷ್ಟೇ ವ್ಯತ್ಯಾಸ. ಇನ್ನೊಂದು, ಡಿಪಾಸಿಟ್‌ನಲ್ಲಿ ಇಷ್ಟು ಭಾಗ ವಾಪಸ್ ಇಲ್ಲ ಎಂಬ ಷರತ್ತು. 50,000ದಲ್ಲಿ 12,000 ವಾಪಸ್ ಬರುವುದಿಲ್ಲ ಅಂತ ಇದ್ದರೆ, ಆ 12,000 ಡಿಪಾಸಿಟ್ ಅಲ್ಲವೇ ಅಲ್ಲ. ಅದು ಇಪ್ಪತ್ನಾಲ್ಕು ತಿಂಗಳಿಗೆ ಹರಡಬೇಕಾದ ಬಾಡಿಗೆ, ತಿಂಗಳಿಗೆ 500. ನಮ್ಮ ಉದಾಹರಣೆಯಲ್ಲಿ ಅಂಥ ಷರತ್ತು ಇಲ್ಲ, ಪೂರ್ತಿ 50,000 ವಾಪಸ್ ಬರಬೇಕಾದದ್ದೇ.

ಚೆಕ್ ಕೊಟ್ಟ ದಿನದ ಬರಹ

ಎರಡು ಹೊಸ ಖಾತೆ ತೆರೆಯಿರಿ. ಒಂದಕ್ಕೆ ‘ಮುಂಗಡ ಬಾಡಿಗೆ’, ಇನ್ನೊಂದಕ್ಕೆ ‘ಅಂಗಡಿ ಡಿಪಾಸಿಟ್’ ಅಂತ ಹೆಸರಿಡಿ. ಎರಡೂ ಆಸ್ತಿ ಗುಂಪಿಗೆ ಸೇರಬೇಕು, ಖರ್ಚಿನ ಗುಂಪಿಗಲ್ಲ. ಅಕ್ಟೋಬರ್ 1ರ ಬರಹ ಹೀಗಿರುತ್ತದೆ:

ಮುಂಗಡ ಬಾಡಿಗೆ ಖಾತೆ: ಡೆಬಿಟ್ 60,000
ಅಂಗಡಿ ಡಿಪಾಸಿಟ್ ಖಾತೆ: ಡೆಬಿಟ್ 50,000
ಬ್ಯಾಂಕ್ ಖಾತೆ: ಕ್ರೆಡಿಟ್ 1,10,000

ಬ್ಯಾಂಕ್ ಕಡೆ ಒಂದೇ ಸಾಲು ಇರಲಿ. ಪಾಸ್‌ಬುಕ್ ಜೊತೆ ತಾಳೆ ನೋಡುವಾಗ 1,10,000ಕ್ಕೆ 1,10,000 ನೇರವಾಗಿ ಸಿಗುತ್ತದೆ. ಒಡೆಯುವುದೇನಿದ್ದರೂ ಡೆಬಿಟ್ ಕಡೆ ಮಾತ್ರ.

ಮಾಲೀಕರ ಪುಸ್ತಕದಲ್ಲಿ ಇದೇ ದುಡ್ಡು ತಿರುವುಮುರುವಾಗಿ ಕೂರುತ್ತದೆ. ಅವರಿಗೆ ಡಿಪಾಸಿಟ್ ಅಂದರೆ ಹೊರೆ, ಒಂದಲ್ಲ ಒಂದು ದಿನ ವಾಪಸ್ ಕೊಡಬೇಕಾದದ್ದು. ಮೊದಲೇ ಬಂದ ಬಾಡಿಗೆಯೂ ಆ ತಿಂಗಳು ಬರುವವರೆಗೆ ಅವರ ಆದಾಯವಲ್ಲ.

ಪ್ರತಿ ತಿಂಗಳ ಕೊನೆಗೆ

ಅಕ್ಟೋಬರ್ 31ಕ್ಕೆ ಒಂದು ತಿಂಗಳ ಜಾಗ ಬಳಸಿ ಮುಗಿಯಿತು. ಈಗ 10,000 ನಿಜವಾದ ಖರ್ಚು. ಬಾಡಿಗೆ ಖರ್ಚು ಖಾತೆಗೆ ಡೆಬಿಟ್ 10,000, ಮುಂಗಡ ಬಾಡಿಗೆ ಖಾತೆಗೆ ಕ್ರೆಡಿಟ್ 10,000. ಬ್ಯಾಂಕ್ ಈ ಬರಹದಲ್ಲಿ ಬರುವುದೇ ಇಲ್ಲ. ಅದಕ್ಕೇ ಇದು ಮರೆತು ಹೋಗುವುದು. ದುಡ್ಡು ಕೈಬದಲಾಗದಿದ್ದರೆ ಬರೆಯಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ಲೆಕ್ಕದ ತಂತ್ರಾಂಶ ಬಳಸುವವರು ಇದನ್ನು ಪ್ರತಿ ತಿಂಗಳು ತಾನಾಗೇ ಬೀಳುವ ಎಂಟ್ರಿಯಾಗಿ ಹಾಕಿಟ್ಟುಬಿಡುವುದು ಒಳ್ಳೆಯದು. ಆದರೆ ಎರಡನೇ ವರ್ಷ ಬಾಡಿಗೆ ಏರುತ್ತದೆ ಅಂತ ಕರಾರಿನಲ್ಲಿದ್ದರೆ, ಆ ದಿನ ಮೊತ್ತ ಬದಲಾಯಿಸಲು ಮರೆಯಬೇಡಿ.

ಡಿಪಾಸಿಟ್ ಖಾತೆಯನ್ನು ಮಾತ್ರ ಮುಟ್ಟಬೇಡಿ. ತಿಂಗಳು ತಿಂಗಳು ಅದರಲ್ಲೂ ಸ್ವಲ್ಪ ಕಳೆಯುವವರಿದ್ದಾರೆ. ಅದು ಸವೆಯುವ ವಸ್ತುವಲ್ಲ. ಕೊನೆಯ ದಿನದವರೆಗೂ 50,000 ಅಂದರೆ 50,000.

ಮೂರು ತಿಂಗಳು ಬರೆದಮೇಲೆ ಡಿಸೆಂಬರ್ 31ಕ್ಕೆ ಪುಸ್ತಕ ಹೀಗೆ ಕಾಣಬೇಕು: ಬಾಡಿಗೆ ಖರ್ಚು 30,000, ಮುಂಗಡ ಬಾಡಿಗೆ 30,000, ಡಿಪಾಸಿಟ್ 50,000. ಈಗ ಒಟ್ಟಿಗೆ ಖರ್ಚು ಬರೆದಿದ್ದರೆ ಏನಾಗುತ್ತಿತ್ತು ನೋಡಿ. ಈ ಮೂರು ತಿಂಗಳಲ್ಲಿ ಬಾಡಿಗೆ ಬಿಟ್ಟು ಉಳಿದೆಲ್ಲ ಖರ್ಚು ಕಳೆದು 75,000 ಉಳಿದಿದೆ ಅಂತ ಇಟ್ಟುಕೊಳ್ಳಿ. ಸರಿಯಾಗಿ ಬರೆದ ಪುಸ್ತಕದಲ್ಲಿ ಲಾಭ 45,000. ಪೂರ್ತಿ 1,10,000 ಖರ್ಚು ಹಾಕಿದ ಪುಸ್ತಕದಲ್ಲಿ 35,000 ನಷ್ಟ! ಅಂಗಡಿ ಅದೇ, ವ್ಯಾಪಾರ ಅದೇ. 80,000ದ ವ್ಯತ್ಯಾಸ ಬಂದದ್ದು ಇನ್ನೂ ಬಳಸದ 30,000 ಬಾಡಿಗೆ ಮತ್ತು ವಾಪಸ್ ಬರಬೇಕಾದ 50,000ದಿಂದ. ಸಾಲ ಕೇಳಲು ಈ ಪುಸ್ತಕ ತೋರಿಸಿದರೆ ಸುಮ್ನೆ ನಷ್ಟದ ಅಂಗಡಿ ಅನ್ನಿಸಿಕೊಳ್ಳುತ್ತೀರಿ. ಮುಂದಿನ ವರ್ಷದ್ದು ಉಲ್ಟಾ ಸಮಸ್ಯೆ: ಮೊದಲ ಮೂರು ತಿಂಗಳು ಬಾಡಿಗೆಯೇ ಇಲ್ಲದ ಹಾಗೆ ಲಾಭ ಜಾಸ್ತಿ ಕಾಣುತ್ತದೆ.

ವರ್ಷದ ಕೊನೆಯ ಪಟ್ಟಿಯಲ್ಲಿ ಇವೆರಡನ್ನೂ ಒಟ್ಟಿಗೆ ಇಡಬೇಡಿ. ಮುಂಗಡ ಬಾಡಿಗೆ ಹನ್ನೆರಡು ತಿಂಗಳೊಳಗೆ ಮುಗಿಯುವುದರಿಂದ ಚಾಲ್ತಿ ಆಸ್ತಿ. ಡಿಪಾಸಿಟ್ ಬರಲು ಇನ್ನೂ ಒಂದು ವರ್ಷಕ್ಕಿಂತ ಜಾಸ್ತಿ ಸಮಯ ಇರುವುದರಿಂದ ದೀರ್ಘಾವಧಿ ಆಸ್ತಿ. ಕರಾರು ಮುಗಿಯಲು ವರ್ಷಕ್ಕಿಂತ ಕಡಿಮೆ ಉಳಿದಾಗ ಅದೂ ಚಾಲ್ತಿ ಗುಂಪಿಗೆ ಬರುತ್ತದೆ.

ಲೆಕ್ಕ ಸರಿಯಿದೆಯೇ ಅಂತ ತಿಳಿಯುವುದು

ಇದಕ್ಕೆ ಒಂದೇ ಗುಣಾಕಾರ ಸಾಕು. ಯಾವುದೇ ತಿಂಗಳ ಕೊನೆಗೆ, ದುಡ್ಡು ಕೊಟ್ಟು ಇನ್ನೂ ಬಳಸದೆ ಉಳಿದ ತಿಂಗಳುಗಳನ್ನು ಬಾಡಿಗೆಯಿಂದ ಗುಣಿಸಿ. ಮುಂಗಡ ಬಾಡಿಗೆ ಖಾತೆಯ ಬಾಕಿ ಅಷ್ಟೇ ಇರಬೇಕು. ಜನವರಿ ಕೊನೆಗೆ ಎರಡು ತಿಂಗಳು ಉಳಿದಿದೆ, ಆದ್ದರಿಂದ 20,000. ಪುಸ್ತಕದಲ್ಲಿ 30,000 ಇದ್ದರೆ ಒಂದು ತಿಂಗಳ ಬರಹ ಬಿಟ್ಟುಹೋಗಿದೆ. 10,000 ಇದ್ದರೆ ಯಾರೋ ಎರಡು ಸಲ ಬರೆದಿದ್ದಾರೆ.

ತಿಂಗಳ ಮಧ್ಯೆ ಶುರುವಾದ ಕರಾರಿಗೂ ಇದೇ ದಾರಿ. ಅಕ್ಟೋಬರ್ 16ಕ್ಕೆ ಶುರುವಾಗಿದ್ದರೆ ಡಿಸೆಂಬರ್ 31ಕ್ಕೆ ಎರಡೂವರೆ ತಿಂಗಳು ಮುಗಿದಿರುತ್ತದೆ, ಉಳಿದದ್ದು 35,000. ದಿನದ ಲೆಕ್ಕವೇ ಬೇಕು ಅನ್ನುವವರು ಅಕ್ಟೋಬರಿಗೆ 31ರಲ್ಲಿ 16 ದಿನ ಹಿಡಿದು 5,161 ಬರೆಯಬಹುದು. ಯಾವುದಾದರೂ ಸರಿ, ನಡುವೆ ಬದಲಾಯಿಸಬೇಡಿ.

ಮಾರ್ಚ್ 31ಕ್ಕೆ ಖಾತೆ ಸೊನ್ನೆಯಾಗುತ್ತದೆ. ಮುಂದಿನ ಆರು ತಿಂಗಳ ಬಾಡಿಗೆ ಏಪ್ರಿಲ್ 1ಕ್ಕೆ ಕೊಡಬೇಕು. ನೀವು ಕೊಟ್ಟದ್ದು ಮೇ 5ಕ್ಕೆ ಅಂತಾದರೆ, ಏಪ್ರಿಲ್ 30ಕ್ಕೆ ತಾನಾಗೇ ಬಿದ್ದ ಎಂಟ್ರಿಯಿಂದ ಮುಂಗಡ ಬಾಡಿಗೆ ಖಾತೆ ಮೈನಸ್ 10,000ಕ್ಕೆ ಇಳಿದಿರುತ್ತದೆ. ಮೈನಸ್‌ನಲ್ಲಿರುವ ಮುಂಗಡ ಅಂದರೆ ಮುಂಗಡವೇ ಅಲ್ಲ, ನೀವು ಮಾಲೀಕರಿಗೆ ಕೊಡಬೇಕಾದ ಬಾಕಿ. ಏಪ್ರಿಲ್ ಕೊನೆಯ ಲೆಕ್ಕದಲ್ಲಿ ಆ 10,000ವನ್ನು ‘ಬಾಡಿಗೆ ಬಾಕಿ’ ಎಂಬ ಹೊರೆಯ ಖಾತೆಗೆ ಹಾಕಿ. ಮೇ 5ಕ್ಕೆ 60,000 ಕೊಟ್ಟಾಗ 10,000 ಆ ಬಾಕಿ ತೀರಿಸುತ್ತದೆ, 50,000 ಮುಂಗಡವಾಗುತ್ತದೆ.

ಅಂಗಡಿ ಖಾಲಿ ಮಾಡುವಾಗ

ಜಗಳ ಜಾಸ್ತಿ ಇರುವುದು ಇಲ್ಲೇ, ಲೆಕ್ಕದ ತಪ್ಪೂ ಇಲ್ಲೇ. ಎರಡು ವರ್ಷ ಮುಗಿಯಿತು. ಮಾಲೀಕರು ಗೋಡೆಯ ಬಣ್ಣ, ರಿಪೇರಿ ಅಂತ 6,000 ಹಿಡಿದುಕೊಂಡರು. ಕಟ್ಟದೆ ಉಳಿದಿದ್ದ ಕರೆಂಟ್ ಬಿಲ್ 2,000 ಹಿಡಿದುಕೊಂಡರು. ಕೈಗೆ ಬಂದದ್ದು 42,000. ಇದನ್ನು ‘ಇತರ ಆದಾಯ’ ಅಂತ ಬರೆಯುವುದನ್ನು ಬಹಳ ಕಡೆ ನೋಡಿದ್ದೇನೆ. ನಮ್ಮದೇ ದುಡ್ಡು ನಮಗೆ ವಾಪಸ್ ಬಂದರೆ ಆದಾಯ ಹೇಗಾಗುತ್ತದೆ? ಹಾಗೆ ಬರೆದರೆ ಇಲ್ಲದ ಲಾಭಕ್ಕೆ ತೆರಿಗೆ ಕಟ್ಟುವ ಪರಿಸ್ಥಿತಿಯೂ ಬರಬಹುದು. ಸರಿಯಾದ ಬರಹ ಹೀಗೆ:

ಬ್ಯಾಂಕ್ ಖಾತೆ: ಡೆಬಿಟ್ 42,000
ರಿಪೇರಿ ಖರ್ಚು: ಡೆಬಿಟ್ 6,000
ಕರೆಂಟ್ ಬಿಲ್ ಬಾಕಿ: ಡೆಬಿಟ್ 2,000
ಅಂಗಡಿ ಡಿಪಾಸಿಟ್ ಖಾತೆ: ಕ್ರೆಡಿಟ್ 50,000

ಕರೆಂಟ್ ಬಿಲ್ಲನ್ನು ಆಯಾ ತಿಂಗಳಲ್ಲೇ ಖರ್ಚು ಹಾಕಿ ಬಾಕಿ ಅಂತ ತೋರಿಸಿದ್ದರೆ ಮಾತ್ರ ಈ ಸಾಲು ಸರಿ. ಮೊದಲು ಬರೆದೇ ಇಲ್ಲದಿದ್ದರೆ ಈಗ ನೇರವಾಗಿ ಕರೆಂಟ್ ಖರ್ಚಿಗೆ ಹಾಕಿ. ಮಾಲೀಕರು ಹಿಡಿದುಕೊಂಡ ಪ್ರತಿ ಮೊತ್ತಕ್ಕೂ ಬಿಲ್ ಅಥವಾ ಸಹಿ ಇರುವ ಚೀಟಿ ಕೇಳಿ. ಅದಿಲ್ಲದೆ 6,000 ಯಾವ ಖರ್ಚು ಅಂತ ಆಮೇಲೆ ತೋರಿಸಲು ಆಗುವುದಿಲ್ಲ.

ಕೆಲವರು ಕೊನೆಯ ಎರಡು ತಿಂಗಳು ಬಾಡಿಗೆ ಕೊಡದೆ ‘ಡಿಪಾಸಿಟ್‌ನಲ್ಲಿ ಮುರಿದುಕೊಳ್ಳಿ’ ಅನ್ನುತ್ತಾರೆ. ಮಾಲೀಕರು ಬರಹದಲ್ಲಿ ಒಪ್ಪಿದರೆ ಮಾತ್ರ ಹಾಗೆ ಮಾಡಿ. ಆಗ ಬಾಡಿಗೆ ಖರ್ಚಿಗೆ ಡೆಬಿಟ್ 20,000, ಡಿಪಾಸಿಟ್‌ಗೆ ಕ್ರೆಡಿಟ್ 20,000, ವಾಪಸ್ ಬರಬೇಕಾದದ್ದು 30,000. ಅವಧಿಗೆ ಮೊದಲೇ ಬಿಟ್ಟು ಹೋದರೆ ಬಳಸದೆ ಉಳಿದ ಮುಂಗಡ ಬಾಡಿಗೆಯನ್ನೂ ಕೇಳಿ ನೋಡಿ. ಬಂದರೆ ಬ್ಯಾಂಕ್‌ಗೆ ಹಾಕಿ. ಕೊಡಬೇಕಿಲ್ಲ ಅಂತ ಕರಾರಿನಲ್ಲೇ ಇದ್ದರೆ, ಬಿಟ್ಟ ದಿನವೇ ಪೂರ್ತಿ ಖರ್ಚು ಹಾಕಿ.

ಡಿಪಾಸಿಟ್ ಕೊಡಲು ಮಾಲೀಕರು ಸತಾಯಿಸುತ್ತಿದ್ದರೆ ಅವಸರದಲ್ಲಿ ಅಳಿಸಬೇಡಿ. ಬರಬೇಕಾದ ಬಾಕಿಯಾಗಿ ಇರಲಿ. ಬರುವುದೇ ಇಲ್ಲ ಅಂತ ಖಚಿತವಾದಾಗ, ಬಾರದ ಭಾಗವನ್ನಷ್ಟೇ ನಷ್ಟಕ್ಕೆ ಹಾಕಿ.

ಈ ವಿಧಾನ ಎಲ್ಲಿಗೆ ಸಾಲದು

ದುಡ್ಡು ಬಂದಾಗ ಆದಾಯ, ಹೋದಾಗ ಖರ್ಚು ಎಂಬ ನಗದು ಪದ್ಧತಿಯಲ್ಲಿ ಲೆಕ್ಕ ಇಡುವ ಸಣ್ಣ ಅಂಗಡಿಗಳಲ್ಲಿ ಮುಂಗಡ ಬಾಡಿಗೆಯ ಬರಹ ಬೇರೆಯಾಗಬಹುದು. ಡಿಪಾಸಿಟ್ ಮಾತ್ರ ಅಲ್ಲೂ ಖರ್ಚಲ್ಲ. ಇನ್ನೊಂದು ತುದಿಯಲ್ಲಿ, ಅಂತರರಾಷ್ಟ್ರೀಯ ಮಾನದಂಡ ಪಾಲಿಸುವ ಕಂಪನಿಗಳಿಗೆ 2019ರ ಜನವರಿ 1ರಿಂದ ಐಎಫ್‌ಆರ್‌ಎಸ್ 16 ಜಾರಿಯಲ್ಲಿದೆ. ಹನ್ನೆರಡು ತಿಂಗಳಿಗಿಂತ ಜಾಸ್ತಿ ಅವಧಿಯ ಬಾಡಿಗೆಯಲ್ಲಿ ಅವರು ಜಾಗ ಬಳಸುವ ಹಕ್ಕನ್ನೇ ಆಸ್ತಿಯಾಗಿ ತೋರಿಸುತ್ತಾರೆ, ಮೊದಲೇ ಕೊಟ್ಟ ಬಾಡಿಗೆ ಅದರೊಳಗೆ ಸೇರುತ್ತದೆ. ವಾಪಸ್ ಬರುವ ಡಿಪಾಸಿಟ್‌ಗೆ ಅಲ್ಲೂ ಪ್ರತ್ಯೇಕ ಸಾಲೇ.